ಸರ್ವೆ ನಂಬರ್ ಹುಡುಕುವ ಬಗೆ ಬೇರೆ, ಎಲೆ ಮುದುಡಿದ ದೂರು ಹುಡುಕುವ ಬಗೆ ಬೇರೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಹಾಲಿನ ಸಂಘ, ಸಹಕಾರ ಸಂಘ, ರೈತ ಉತ್ಪಾದಕ ಕಂಪನಿ ಯಾವುದೇ ಇರಲಿ, ದಪ್ಪ ರಟ್ಟಿನ ಲೆಡ್ಜರ್‌ಗಳಲ್ಲಿದ್ದ ಲೆಕ್ಕ ಈಗ ಕಂಪ್ಯೂಟರ್‌ಗೆ ಇಳಿಯುತ್ತಿದೆ. ಮೊದಲಾದರೆ ಹಳೆಯ ಗುಮಾಸ್ತರು ಪುಟ ತಿರುವಿ ಹೇಳಿಬಿಡುತ್ತಿದ್ದರು. ಈಗ ಅದೇ ಮೇಜಿನ ಮುಂದೆ ಕುಳಿತ ಹುಡುಗಿ ಒಂದು ಪೆಟ್ಟಿಗೆಯೊಳಗೆ ಪದ ಟೈಪ್ ಮಾಡುತ್ತಾಳೆ. ಒಮ್ಮೆ ‘ಯಾವುದೇ ದಾಖಲೆ ಇಲ್ಲ’ ಎಂದು ಬರುತ್ತದೆ, ಇನ್ನೊಮ್ಮೆ ಕೇಳದೇ ಇದ್ದದ್ದೆಲ್ಲ ಸಾಲುಗಟ್ಟಿ ಬರುತ್ತದೆ. ಎದುರಿಗೆ ನಿಂತ ರೈತ ಕಂಪ್ಯೂಟರ್ ಸರಿಯಿಲ್ಲ ಎನ್ನುತ್ತಾನೆ.

ಅನೇಕ ಸಲ ಯಂತ್ರ ಸರಿಯಾಗಿಯೇ ಇರುತ್ತದೆ. ಒಂದು ಬಗೆಯ ಪ್ರಶ್ನೆಯನ್ನು ಇನ್ನೊಂದು ಬಗೆಯ ಹುಡುಕಾಟಕ್ಕೆ ಒಪ್ಪಿಸಿರುತ್ತೇವೆ. ಕಂಪ್ಯೂಟರ್‌ನಲ್ಲಿ ಹುಡುಕಾಟಕ್ಕೆ ಎರಡು ಬಗೆಗಳಿವೆ. ಕೊಟ್ಟ ಷರತ್ತಿಗೆ ತಕ್ಕ ಸಾಲುಗಳನ್ನು ಮಾತ್ರ ಎತ್ತಿಕೊಡುವುದು ಒಂದು. ಕೇಳಿದ್ದಕ್ಕೆ ಯಾವ ಬರಹ ಹೆಚ್ಚು ಹತ್ತಿರವಿದೆ ಎಂದು ಅಂಕ ಹಾಕಿ, ಹೆಚ್ಚು ಅಂಕದವನ್ನು ಮೇಲಕ್ಕಿಟ್ಟು ತೋರಿಸುವುದು ಇನ್ನೊಂದು. ಎರಡಕ್ಕೂ ಪರದೆಯ ಮೇಲೆ ಕಾಣುವ ಪೆಟ್ಟಿಗೆ ಒಂದೇ ರೀತಿ ಇರುವುದರಿಂದ ಗೊಂದಲ.

## ಉದಾಹರಣೆಗೆ ಒಂದು ಕಡತ

ಕೋಲಾರ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಸದಸ್ಯರು ಬಂದು ಹೇಳಿದ ಸಮಸ್ಯೆಗಳನ್ನು ಬರೆದಿಡುತ್ತಾರೆ ಎಂದುಕೊಳ್ಳೋಣ. ಪ್ರತಿ ಸಾಲಿನಲ್ಲೂ ಸದಸ್ಯ ಸಂಖ್ಯೆ, ಜಿಲ್ಲೆ, ತಾಲ್ಲೂಕು, ಸರ್ವೆ ನಂಬರ್, ದಿನಾಂಕ ಇರುತ್ತವೆ. ಕೊನೆಯ ಅಂಕಣದಲ್ಲಿ ರೈತ ಹೇಳಿದ ಮಾತು ಇರುತ್ತದೆ, ಬರೆದವರ ಕೈಗೆ ಬಂದಂತೆ. ಅಂಥ ನಾಲ್ಕು ಟಿಪ್ಪಣಿಗಳು ಇಲ್ಲಿವೆ:

ಅ. ಟೊಮೆಟೊ ಗಿಡದ ಎಲೆ ಮುದುಡಿದೆ, ಬಿಳಿ ನೊಣ ಇದೆ
ಆ. ಟೊಮೆಟೊ ಹಣ್ಣಿಗೆ ಹುಳು ಬಿದ್ದಿದೆ, ಔಷಧ ಕೇಳಿದ್ದಾರೆ
ಇ. ಮಾವಿನ ಹೂವು ಉದುರಿ ಎಲೆ ಕಪ್ಪಾಗಿದೆ
ಈ. ಟೊಮೆಟೊ ಎಲೆಗಳು ಮುದುಡಿಕೊಂಡು ಗಿಡ ಕುಳ್ಳಾಗಿದೆ

ಈ ಕಡತಕ್ಕೆ ಬರುವ ಪ್ರಶ್ನೆಗಳಲ್ಲಿ ಎರಡನ್ನು ನೋಡಿ. ‘412ನೇ ಸದಸ್ಯರ ಸಾಲು ತೆಗೆಯಿರಿ’ ಎಂಬುದು ಮೊದಲನೆಯದು. ‘ನಮ್ಮ ಟೊಮೆಟೊ ಎಲೆ ಮುದುಡಿದೆ, ಹಿಂದೆ ಯಾರಿಗಾದರೂ ಹೀಗಾಗಿತ್ತೇ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಒಂದೇ ಸರಿಯುತ್ತರವಿದೆ. ಎರಡನೆಯದಕ್ಕೆ ಹೆಚ್ಚು ಸರಿ, ಸ್ವಲ್ಪ ಸರಿ, ಅಷ್ಟೇನೂ ಸರಿಯಲ್ಲ ಎಂಬ ದರ್ಜೆಗಳಿವೆ.

## ಷರತ್ತಿನ ಹುಡುಕಾಟ

ಮಾಹಿತಿಯನ್ನು ಅಡ್ಡಸಾಲು, ಅಂಕಣಗಳ ಕೋಷ್ಟಕವಾಗಿ ಇಟ್ಟು, ಅದು ಎಲ್ಲಿ ಹೇಗೆ ಸಂಗ್ರಹವಾಗಿದೆ ಎಂಬ ಚಿಂತೆಯಿಲ್ಲದೆ ಷರತ್ತು ಹೇಳಿ ಕೇಳಬಹುದು ಎಂಬ ವಿಚಾರವನ್ನು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟರು. ಇಂದಿನ ಬಹುಪಾಲು ಕಚೇರಿ ಡೇಟಾಬೇಸ್‌ಗಳು ಆ ದಾರಿಯವೇ. ಅವುಗಳಿಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್. ಮೊದಲನೆಯ ಪ್ರಶ್ನೆ ಅದರಲ್ಲಿ ಹೀಗಿರುತ್ತದೆ:

```sql
SELECT * FROM records WHERE member_no = 412;
```

ಕಡತದ ಪ್ರತಿ ಸಾಲಿಗೂ ಈ ಷರತ್ತು ಒಂದೋ ನಿಜ, ಇಲ್ಲವೋ ಸುಳ್ಳು. ನಿಜವಾದವೆಲ್ಲ ಬರುತ್ತವೆ, ಉಳಿದವು ಬರುವುದಿಲ್ಲ. ಬಂದವುಗಳಲ್ಲಿ ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂಬುದಿಲ್ಲ. ಸದಸ್ಯ ಸಂಖ್ಯೆಗಳನ್ನು ಮೊದಲೇ ಕ್ರಮವಾಗಿ ಜೋಡಿಸಿದ ಸೂಚಿಯನ್ನು ಡೇಟಾಬೇಸ್ ಇಟ್ಟುಕೊಂಡಿದ್ದರೆ ಕೆಲಸ ಬಹಳ ಬೇಗ ಮುಗಿಯುತ್ತದೆ. ಜೋಡಿಸಿದ ಪಟ್ಟಿಯ ನಡುವಿನ ಸಂಖ್ಯೆ ನೋಡಿ, ಬೇಕಾದದ್ದು ಯಾವ ಅರ್ಧದಲ್ಲಿದೆ ಎಂದು ತಿಳಿದು, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರೆ ಹತ್ತು ಲಕ್ಷ ಸಾಲುಗಳಿದ್ದರೂ ಸುಮಾರು ಇಪ್ಪತ್ತು ಹೋಲಿಕೆಗಳಲ್ಲಿ ಸಿಕ್ಕಿಬಿಡುತ್ತದೆ.

ಎಣಿಕೆ, ಮೊತ್ತ, ಬಾಕಿ ಇವೆಲ್ಲ ಈ ಬಗೆಯ ಹುಡುಕಾಟಕ್ಕೇ ಸೇರಿದವು. ‘ಈ ತಿಂಗಳು ಮಾಲೂರು ತಾಲ್ಲೂಕಿನಿಂದ ಎಷ್ಟು ದೂರು ಬಂದಿವೆ?’ ಎಂಬುದಕ್ಕೆ ಸುಮಾರು ಎಂಬ ಉತ್ತರ ಆಗದು.

## ಇಲ್ಲಿ ತಪ್ಪುವುದು ಸದ್ದಿಲ್ಲದೆ

ಯಂತ್ರ ಹೋಲಿಸುವುದು ಅಕ್ಷರಗಳನ್ನು, ಅರ್ಥವನ್ನಲ್ಲ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ `Tumkur` ಎಂಬುದು `Tumakuru` ಆಯಿತು. ಅದಕ್ಕೆ ಹಿಂದಿನ ಸಾಲುಗಳನ್ನು ಯಾರೂ ತಿದ್ದದಿದ್ದರೆ, `district = 'Tumakuru'` ಎಂದು ಕೇಳಿದವರಿಗೆ ಹೊಸ ಸಾಲುಗಳಷ್ಟೇ ಸಿಗುತ್ತವೆ. ಪರದೆಯ ಮೇಲೆ ತಪ್ಪಿನ ಸಂದೇಶ ಬರುವುದಿಲ್ಲ. ಅರ್ಧ ಪಟ್ಟಿಯೇ ಪೂರ್ತಿ ಪಟ್ಟಿಯಂತೆ ಕಾಣುತ್ತದೆ. ನನಗೆ ಇದು ಬಹಳ ಕಳವಳ ತರುವ ಸಂಗತಿ, ಏಕೆಂದರೆ ಆ ಪಟ್ಟಿಯ ಮೇಲೆ ಗೊಬ್ಬರವೋ ಪರಿಹಾರವೋ ಹಂಚಿಕೆಯಾದರೆ ಬಿಟ್ಟುಹೋದವರಿಗೆ ತಾವು ಏಕೆ ಬಿಟ್ಟುಹೋದೆವೆಂದೇ ತಿಳಿಯುವುದಿಲ್ಲ.

ಇನ್ನೊಂದು ಬಗೆಯ ಎಡವಟ್ಟೂ ಇದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲವೂ ಕೋಲಾರ ಜಿಲ್ಲೆಯಲ್ಲಿದ್ದವು. ಹಳೆಯ ಕಡತದಲ್ಲಿ ‘ಜಿಲ್ಲೆ = ಕೋಲಾರ’ ಎಂದು ಕೇಳಿದರೆ ಅವೂ ಬರುತ್ತವೆ. ಬರೆದದ್ದಕ್ಕೆ ಉತ್ತರ ನಿಷ್ಠವಾಗಿದೆ, ಕೇಳಿದವರ ಮನಸ್ಸಿನಲ್ಲಿದ್ದ ಕೋಲಾರ ಮಾತ್ರ ಬೇರೆ.

ಕನ್ನಡದಲ್ಲಿ ಕಣ್ಣಿಗೆ ಕಾಣದ ವ್ಯತ್ಯಾಸವೂ ಉಂಟು. ‘ಕೋ’ ಅಕ್ಷರದ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ‘ಕೋಲಾರ’ ಎಂದೇ ಕಾಣುತ್ತವೆ. ಹೋಲಿಸುವಾಗ ಅನೇಕ ಡೇಟಾಬೇಸ್‌ಗಳು ಇವು ಬೇರೆ ಬೇರೆ ಎನ್ನುತ್ತವೆ. ಪದವನ್ನು ಒಳಗೆ ಸೇರಿಸುವ ಮೊದಲೇ ಎಲ್ಲವನ್ನೂ `NFC` ಎಂಬ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ.

ಇಂಥ ತೊಂದರೆ ಇದೆಯೇ ಎಂದು ಪತ್ತೆ ಹಚ್ಚಲು ಒಂದೇ ಸಾಲು ಸಾಕು:

```sql
SELECT district, COUNT(*) FROM records GROUP BY district;
```

ಅಂಕಣದಲ್ಲಿರುವ ಪ್ರತಿಯೊಂದು ರೂಪವೂ ಎಷ್ಟು ಸಲ ಬಂದಿದೆ ಎಂದು ಇದು ಎಣಿಸಿ ತೋರಿಸುತ್ತದೆ. ಒಂದೇ ಊರು ನಾಲ್ಕು ರೂಪದಲ್ಲಿ ನಿಂತಿದ್ದರೆ ಅಲ್ಲಿಯೇ ಬಯಲಾಗುತ್ತದೆ. ಶಾಶ್ವತ ಉಪಾಯವೆಂದರೆ ಹೆಸರಿನ ಬದಲು ಸಂಕೇತ ಇಡುವುದು. ತುಮಕೂರಿನ ವಾಹನಗಳ ನಂಬರ್ ಪ್ಲೇಟ್ ಮೇಲಿನ `KA 06` ಊರಿನ ಕಾಗುಣಿತ ಬದಲಾದರೂ ಬದಲಾಗಲಿಲ್ಲ. ಕೋಲಾರದ `KA 07`, ಚಿಕ್ಕಬಳ್ಳಾಪುರದ `KA 40` ಕೂಡ ಹಾಗೆಯೇ. ಷರತ್ತಿನ ಹುಡುಕಾಟ ನೆಚ್ಚಿಕೊಳ್ಳಬೇಕಾದದ್ದು ಇಂಥ ಗಟ್ಟಿ ಗುರುತುಗಳನ್ನು.

## ನಡುವಿನ ದಾರಿ, ಅದರ ಮಿತಿ

ಟಿಪ್ಪಣಿಯ ಅಂಕಣಕ್ಕೆ `=` ಹಾಕಿ ಕೇಳಿದರೆ ಏನೂ ಸಿಗದು. ಇಡೀ ವಾಕ್ಯ ಅಕ್ಷರಶಃ ಹೊಂದಬೇಕಲ್ಲ. ಹಾಗಾಗಿ ಹೊಸಬರು ಮೊದಲು ಹಿಡಿಯುವುದು `LIKE` ಅನ್ನು:

```sql
SELECT * FROM records WHERE note LIKE '%ಎಲೆ%';
```

ಟಿಪ್ಪಣಿಯಲ್ಲಿ ಎಲ್ಲಾದರೂ ಸರಿ, ‘ಎಲೆ’ ಎಂಬ ಅಕ್ಷರಗಳು ಇದ್ದರೆ ಆ ಸಾಲು ಬರುತ್ತದೆ. ‘ಎಲೆಗಳು’, ‘ಎಲೆಯಲ್ಲಿ’ ಸಿಗುತ್ತವೆ, ಒಳ್ಳೆಯದೇ. ಆದರೆ ಎಲೆಕೋಸು ಬೆಳೆದವರ ಸಾಲುಗಳೂ ಬರುತ್ತವೆ. ಅತ್ತ ‘ಮಾವಿನೆಲೆ’ ಎಂದು ಬರೆದದ್ದು ಬರುವುದೇ ಇಲ್ಲ. ಸಂಧಿಯಾದಾಗ ‘ಎ’ ಸ್ವರ ಹೋಗಿ ‘ನೆ’ಯೊಳಗಿನ ಚಿಹ್ನೆಯಾಗಿ ಕುಳಿತಿದೆ, ಯಂತ್ರಕ್ಕೆ ಅಲ್ಲಿ ‘ಎಲೆ’ ಕಾಣುವುದಿಲ್ಲ. ಮುಂದೆ `%` ಇರುವುದರಿಂದ ಜೋಡಿಸಿಟ್ಟ ಸೂಚಿಯೂ ಕೆಲಸಕ್ಕೆ ಬಾರದೆ ಪ್ರತಿ ಸಾಲನ್ನೂ ಓದಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಬಂದ ನೂರು ಸಾಲುಗಳಲ್ಲಿ ಯಾವುದು ಮೊದಲು ಓದಬೇಕಾದದ್ದು ಎಂದು ಇದು ಹೇಳುವುದಿಲ್ಲ.

## ಪ್ರಸ್ತುತತೆಯ ಹುಡುಕಾಟ

ಎರಡನೆಯ ಬಗೆ ಶುರುವಾಗುವುದು ಬೇರೆಯದೇ ಸಿದ್ಧತೆಯಿಂದ. ಟಿಪ್ಪಣಿಗಳನ್ನೆಲ್ಲ ಮೊದಲು ಪದಪದವಾಗಿ ಬಿಡಿಸಿ, ಪ್ರತಿ ಪದದ ಮುಂದೆ ಅದು ಯಾವ ಯಾವ ಟಿಪ್ಪಣಿಯಲ್ಲಿದೆ ಎಂದು ಬರೆದಿಡುತ್ತಾರೆ. ಪುಸ್ತಕದ ಕೊನೆಯಲ್ಲಿ ಪದ, ಅದರ ಮುಂದೆ ಪುಟಸಂಖ್ಯೆಗಳು ಇರುವ ಪದಸೂಚಿ ಇರುತ್ತದಲ್ಲ, ಅದರಂತೆ. ಇಲ್ಲಿ ‘ಎಲೆ’ ಎಂಬುದರ ಮುಂದೆ ಅ, ಇ ಎಂದಿರುತ್ತದೆ. ಹುಡುಕುವಾಗ ಟಿಪ್ಪಣಿಗಳನ್ನು ಓದುವ ಅಗತ್ಯವಿಲ್ಲ, ಸೂಚಿ ನೋಡಿದರೆ ಆಯಿತು.

ಸೂಚಿಯಿಂದ ಬಂದ ಟಿಪ್ಪಣಿಗಳಿಗೆ ಅಂಕ ಹಾಕುವುದು ಮುಂದಿನ ಹೆಜ್ಜೆ. ಎಲ್ಲ ಪದಗಳಿಗೂ ಒಂದೇ ತೂಕ ಕೊಟ್ಟರೆ ಕೆಡುತ್ತದೆ. ಟೊಮೆಟೊ ಬೆಳೆಯುವ ಸೀಮೆಯ ಕಡತದಲ್ಲಿ ‘ಟೊಮೆಟೊ’ ಎಂಬ ಪದ ಬಂದಿದೆ ಎಂದರೆ ಹೊಸದೇನೂ ತಿಳಿಯುವುದಿಲ್ಲ, ಅದು ಎಲ್ಲರ ಬಾಯಲ್ಲೂ ಇದೆ. ‘ಮುದುಡಿದೆ’ ಎಂಬುದು ಬಂದಿದ್ದರೆ ಬಹಳಷ್ಟು ತಿಳಿಯುತ್ತದೆ. ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕು ಎಂಬ ಈ ವಿಚಾರವನ್ನು 1972ರಲ್ಲಿ ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್ ಮಂಡಿಸಿದರು. ಅದನ್ನು ಒಳಗೊಂಡ ಬಿಎಂ25 ಎಂಬ ಸೂತ್ರ 1990ರ ದಶಕದಲ್ಲಿ ಲಂಡನ್ನಿನಲ್ಲಿ, ಸ್ಟೀಫನ್ ರಾಬರ್ಟ್‌ಸನ್ ಮತ್ತು ಸಂಗಡಿಗರ ಕೈಯಲ್ಲಿ ರೂಪುಗೊಂಡಿತು. ಇಂದಿಗೂ ಪಠ್ಯ ಹುಡುಕುವ ಅನೇಕ ತಂತ್ರಾಂಶಗಳು ಮೊದಲು ನೆಚ್ಚುವುದು ಅದನ್ನೇ.

## ಕೈಲೆಕ್ಕದಲ್ಲಿ ಒಂದು ಹುಡುಕಾಟ

ಕಡತದಲ್ಲಿ ಒಟ್ಟು 1000 ಟಿಪ್ಪಣಿಗಳಿವೆ ಎಂದಿಟ್ಟುಕೊಳ್ಳಿ. ‘ಟೊಮೆಟೊ’ 800ರಲ್ಲಿ, ‘ಎಲೆ’ 100ರಲ್ಲಿ, ‘ಮುದುಡಿದೆ’ 10ರಲ್ಲಿ ಇದೆ. ಪದದ ತೂಕಕ್ಕೆ ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ. ಇದರಲ್ಲಿ `N` ಒಟ್ಟು ಟಿಪ್ಪಣಿಗಳು, `n` ಆ ಪದವಿರುವ ಟಿಪ್ಪಣಿಗಳು:

```
ln(1 + (N - n + 0.5) / (n + 0.5))
```

ಲೆಕ್ಕ ಹಾಕಿದರೆ ‘ಟೊಮೆಟೊ’ಗೆ 0.22, ‘ಎಲೆ’ಗೆ 2.30, ‘ಮುದುಡಿದೆ’ಗೆ 4.56 ಬರುತ್ತದೆ. ಮೂರನೆಯ ಪದದ ತೂಕ ಮೊದಲನೆಯದರ ಇಪ್ಪತ್ತು ಪಟ್ಟು. ಸೂತ್ರ ನೆನಪಿಡಬೇಕಿಲ್ಲ, ಈ ಅಂತರ ನೆನಪಿದ್ದರೆ ಸಾಕು.

ಟಿಪ್ಪಣಿಗಳ ಉದ್ದ ಒಂದೇ ಸಮನಾಗಿದ್ದು, ಪದಗಳು ಒಂದೊಂದೇ ಸಲ ಬಂದಿದ್ದರೆ ಅಂಕ ಎಂದರೆ ಈ ತೂಕಗಳ ಮೊತ್ತ. ‘ಟೊಮೆಟೊ ಎಲೆ ಮುದುಡಿದೆ’ ಎಂದು ಹುಡುಕಿದಾಗ ‘ಅ’ ಟಿಪ್ಪಣಿಯಲ್ಲಿ ಮೂರೂ ಪದಗಳಿವೆ: 7.08. ಮಾವಿನ ‘ಇ’ ಟಿಪ್ಪಣಿಯಲ್ಲಿ ‘ಎಲೆ’ ಮಾತ್ರ: 2.30. ಹುಳು ಬಿದ್ದ ‘ಆ’ ಟಿಪ್ಪಣಿಯಲ್ಲಿ ‘ಟೊಮೆಟೊ’ ಮಾತ್ರ: 0.22. ಬೇಕಾದದ್ದು ಎಲ್ಲಕ್ಕಿಂತ ಮೇಲೆ ಬಂತು.

ಪದ ಮತ್ತೆ ಮತ್ತೆ ಬಂದರೆ ಅಂಕ ಏರುತ್ತದೆ, ಆದರೆ ಏರಿಕೆ ಬೇಗ ಕುಗ್ಗುತ್ತದೆ. ವಾಡಿಕೆಯ ಅಳತೆಗಳಲ್ಲಿ ಒಂದು ಸಲ ಬಂದ ಪದಕ್ಕೆ ತೂಕದ ಒಂದು ಪಟ್ಟು ಸಿಕ್ಕರೆ, ಎರಡು ಸಲ ಬಂದದ್ದಕ್ಕೆ ಸುಮಾರು 1.4 ಪಟ್ಟು, ಐದು ಸಲ ಬಂದದ್ದಕ್ಕೆ ಸುಮಾರು 1.8 ಪಟ್ಟು. ಎಷ್ಟೇ ಸಲ ಬರೆದರೂ 2.2 ದಾಟದು. ಸರಾಸರಿಗಿಂತ ಉದ್ದದ ಟಿಪ್ಪಣಿಗೆ ಅಂಕ ಕೊಂಚ ಕಡಿತವಾಗುತ್ತದೆ. ನೂರು ವಿಷಯ ಹೇಳುತ್ತ ನಡುವೆ ಒಮ್ಮೆ ಎಲೆಯ ಮಾತೆತ್ತಿದವರಿಗಿಂತ ಎಲೆಯ ಮಾತನ್ನೇ ಆಡಿದವರು ಮೇಲೆ ಬರಲಿ ಎಂಬ ಉದ್ದೇಶ.

## ಕನ್ನಡಕ್ಕೆ ಬಂದಾಗ

‘ಈ’ ಟಿಪ್ಪಣಿಯನ್ನು ಬಿಟ್ಟಿದ್ದೆವು. ‘ಟೊಮೆಟೊ ಎಲೆಗಳು ಮುದುಡಿಕೊಂಡು ಗಿಡ ಕುಳ್ಳಾಗಿದೆ.’ ಇದು ‘ಅ’ದಷ್ಟೇ ಬೇಕಾದ ಟಿಪ್ಪಣಿ. ಬಿಳಿ ನೊಣದಿಂದ ಹರಡುವ ಎಲೆ ಮುದುಡು ರೋಗದಲ್ಲಿ ಗಿಡ ಬೆಳೆಯದೆ ಕುಳ್ಳಾಗುತ್ತದೆ, ಹಾಗಾಗಿ ರೋಗದ ಗುರುತು ಇದರಲ್ಲಿಯೂ ಇದೆ. ಆದರೆ ಇದಕ್ಕೆ ಬರುವ ಅಂಕ 0.22 ಮಾತ್ರ. ಮಾವಿನ ಟಿಪ್ಪಣಿಗಿಂತ ಕೆಳಗೆ, ಹುಳದ ಟಿಪ್ಪಣಿಯ ಪಕ್ಕ. ಸೂಚಿಯಲ್ಲಿ ‘ಎಲೆ’ ಬೇರೆ ಪದ, ‘ಎಲೆಗಳು’ ಬೇರೆ ಪದ. ‘ಮುದುಡಿದೆ’, ‘ಮುದುಡಿಕೊಂಡು’, ‘ಮುದುಡುತ್ತಿದೆ’ ಮೂರೂ ಬೇರೆ ಬೇರೆ. ಪ್ರತ್ಯಯಗಳು ಪದಕ್ಕೇ ಅಂಟಿಕೊಂಡು ಬೆಳೆಯುವ ನಮ್ಮ ಭಾಷೆಗೆ ಈ ಪೆಟ್ಟು ಇಂಗ್ಲಿಷಿಗಿಂತ ಬಹಳ ಜೋರಾಗಿಯೇ ಬೀಳುತ್ತದೆ.

ಸುಲಭದ ಮದ್ದು ಪದದ ಮೊದಲ ಭಾಗವನ್ನಷ್ಟೇ ಕೊಟ್ಟು ಮುಂದೆ ನಕ್ಷತ್ರ ಹಾಕುವುದು. `ಎಲೆ*` ಎಂದರೆ ‘ಎಲೆ’ಯಿಂದ ಶುರುವಾಗುವ ಎಲ್ಲ ಪದಗಳು. `ಮುದುಡ*` ಎಂದರೆ ಮುದುಡಿ, ಮುದುಡು ಎರಡರ ರೂಪಗಳೂ ಸೇರಿದವು, ಏಕೆಂದರೆ ಒಳಗಿನ ಸಂಗ್ರಹದಲ್ಲಿ ‘ಡ’ ಆದ ಮೇಲೆ ಸ್ವರಚಿಹ್ನೆ ಪ್ರತ್ಯೇಕವಾಗಿ ನಿಂತಿರುತ್ತದೆ. ಎಲೆಕೋಸು ಇಲ್ಲಿಯೂ ನುಸುಳುತ್ತದೆ. ಆದರೆ ಎಲೆಕೋಸಿನ ಟಿಪ್ಪಣಿಯಲ್ಲಿ ಮುದುಡುವ ಮಾತಿಲ್ಲದಿದ್ದರೆ ಅದು ತಾನಾಗಿಯೇ ಕೆಳಗೆ ಉಳಿಯುತ್ತದೆ. `LIKE` ಬಳಸಿದಾಗ ಕಸವಾಗಿದ್ದದ್ದು ಇಲ್ಲಿ ಅಂಕದ ದೆಸೆಯಿಂದ ನಿರುಪದ್ರವಿ.

ಕೆಲವರು ‘ಮುರುಟಿದೆ’ ಎನ್ನುತ್ತಾರೆ. ಎರಡರ ಅರ್ಥ ಒಂದೇ ಎಂದು ಈ ಲೆಕ್ಕಕ್ಕೆ ಗೊತ್ತಿಲ್ಲ. ಅಂಥ ಜೋಡಿಗಳನ್ನು ನಾವೇ ಬರೆದು ಕೊಡಬೇಕು. ಊರಿನ ಮಾತು ಬಲ್ಲವರು ಈ ಕೆಲಸಕ್ಕೆ ಕೂರಲೇಬೇಕು.

ಇನ್ನೂ ಒಂದು ತೊಡಕಿದೆ, ತಿಳಿಯದಿದ್ದರೆ ದಿನಗಟ್ಟಲೆ ಕಾಡುವಂಥದ್ದು. ಉಚಿತವಾಗಿ ಸಿಗುವ, ಮೊಬೈಲ್‌ಗಳಲ್ಲೂ ಇರುವ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಪಠ್ಯ ಹುಡುಕಲು `fts5` ಎಂಬ ಭಾಗವಿದೆ. ಪದ ಬಿಡಿಸುವಾಗ ಅದು ತಾನಾಗಿ ಅಕ್ಷರ, ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ನಮ್ಮ ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆಗಳು ಯೂನಿಕೋಡ್‌ನ ಲೆಕ್ಕದಲ್ಲಿ ಅಕ್ಷರಗಳಲ್ಲ, ಬೇರೆ ವರ್ಗದವು. ಹಾಗಾಗಿ ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ. ‘ಟೊಮೆಟೊ’ ಎಂಬುದು ಟ, ಮ, ಟ ಎಂದಾಗುತ್ತದೆ. ‘ಎಲೆ’ ಎಂಬುದು ‘ಎಲ’ ಆಗುತ್ತದೆ. ‘ಎಲ್ಲಿ’, ‘ಎಲ್ಲರೂ’ ಎಂಬವೂ ‘ಎಲ’ ಎಂದೇ ಶುರುವಾಗಿ ಒಡೆಯುತ್ತವೆ. ಎಲೆ ಎಂದು ಹುಡುಕಿದರೆ ‘ಧಾರಣೆ ಎಲ್ಲಿ ಹೆಚ್ಚು?’ ಎಂಬ ಟಿಪ್ಪಣಿ ಬಂದು ಕೂರುವುದೇ ಇದರ ಲಕ್ಷಣ. ಸೂಚಿ ಕಟ್ಟುವಾಗಲೇ ಆ ವರ್ಗಗಳನ್ನೂ ಸೇರಿಸಬೇಕು:

```sql
CREATE VIRTUAL TABLE tippani USING fts5(
  note, tokenize = "unicode61 categories 'L* N* Co Mn Mc'"
);
```

`INSERT INTO tippani(rowid, note) SELECT id, note FROM records;` ಎಂದು ಟಿಪ್ಪಣಿಗಳನ್ನು ಇದರೊಳಗೆ ತುಂಬಿದ ಮೇಲೆ, ಸೂಚಿಯೊಳಗೆ ಯಾವ ಪದಗಳಿವೆ ಎಂದು ಕಣ್ಣಾರೆ ನೋಡಲೂ ದಾರಿಯಿದೆ:

```sql
CREATE VIRTUAL TABLE padagalu USING fts5vocab('tippani', 'row');
SELECT term, doc FROM padagalu ORDER BY doc DESC LIMIT 30;
```

ಇಡೀ ಪದಗಳು ಕಂಡರೆ ಸರಿ. ಒಂಟಿ ವ್ಯಂಜನಗಳ ಸಾಲು ಕಂಡರೆ ಸೂಚಿಯನ್ನು ಮತ್ತೆ ಕಟ್ಟಬೇಕು.

## ಗುರುತಿನ ಸಂಖ್ಯೆಗೆ ಇದನ್ನು ಬಳಸಬಾರದು

ಪ್ರಸ್ತುತತೆಯ ಹುಡುಕಾಟ ಬರಿಗೈಯಲ್ಲಿ ಕಳಿಸುವುದು ಅಪರೂಪ. ಸರಿಯಾದದ್ದು ಇಲ್ಲದಿದ್ದರೂ ಇರುವುದರಲ್ಲಿ ಹತ್ತಿರದ್ದನ್ನು ಮೇಲಿಟ್ಟು ತೋರಿಸುತ್ತದೆ. ರೋಗದ ಟಿಪ್ಪಣಿಗೆ ಅದು ಉಪಕಾರ, ಸರ್ವೆ ನಂಬರಿಗೆ ಅಪಾಯ. 45/2 ಎಂಬುದನ್ನು ಪದ ಬಿಡಿಸುವ ಯಂತ್ರ ‘45’ ಮತ್ತು ‘2’ ಎಂದು ಒಡೆಯುತ್ತದೆ. ಪದಗಳ ಕ್ರಮ ಲೆಕ್ಕಕ್ಕಿಲ್ಲದ ಹುಡುಕಾಟದಲ್ಲಿ 2/45 ಎಂಬ ಬೇರೆಯವರ ಜಮೀನಿಗೂ ಅಷ್ಟೇ ಅಂಕ. ಸದಸ್ಯ ಸಂಖ್ಯೆ, ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಇವುಗಳಿಗೆ `=` ಒಂದೇ ಸರಿ. ಅಲ್ಲಿ ‘ದಾಖಲೆ ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ನಂಬಬಹುದು. ಅದೇ ಕಾರಣಕ್ಕೆ ‘ಎಷ್ಟು ಜನರಿಗೆ ಎಲೆ ಮುದುಡು ರೋಗ ಬಂದಿದೆ?’ ಎಂಬುದನ್ನು ಬಂದ ಫಲಿತಾಂಶಗಳನ್ನು ಎಣಿಸಿ ಹೇಳಲಾಗದು. ಪಟ್ಟಿಯ ಬಾಲದಲ್ಲಿ ಎಲೆಕೋಸೂ ಇರುತ್ತದೆ. ಎಣಿಕೆ ಬೇಕಿದ್ದರೆ ರೋಗಕ್ಕೆ ಪ್ರತ್ಯೇಕ ಅಂಕಣ ಇಟ್ಟು ಸಂಕೇತ ತುಂಬಬೇಕು.

## ಎರಡನ್ನೂ ಜೊತೆಗೆ ಕೇಳುವುದು

ನಿಜವಾದ ಪ್ರಶ್ನೆಗಳಲ್ಲಿ ಎರಡೂ ಬೆರೆತಿರುತ್ತವೆ. ‘ಜೂನ್‌ನಿಂದ ಈಚೆಗೆ ಮುಳಬಾಗಿಲು ತಾಲ್ಲೂಕಿನಲ್ಲಿ ಎಲೆ ಮುದುಡಿದ ದೂರು’ ಎಂಬುದರಲ್ಲಿ ತಾಲ್ಲೂಕು, ದಿನಾಂಕ ಷರತ್ತುಗಳು. ಎಲೆ ಮುದುಡಿದ್ದು ಅಂಕದ ವಿಷಯ:

```sql
SELECT r.date, r.note
FROM tippani JOIN records r ON r.id = tippani.rowid
WHERE tippani MATCH 'ಎಲೆ* OR ಮುದುಡ* OR ಮುರುಟ*'
  AND r.taluk_code = 'MLB' AND r.date >= '2025-06-01'
ORDER BY tippani.rank;
```

ನಡುವಿನ `OR` ಬಿಟ್ಟರೆ `fts5` ಎಲ್ಲ ಪದಗಳೂ ಇರಲೇಬೇಕು ಎಂದು ತಿಳಿಯುತ್ತದೆ. ಆಗ ‘ಮುರುಟಿದೆ’ ಎಂದು ಬರೆದವರು ‘ಮುದುಡಿದೆ’ ಎಂದೂ ಬರೆದಿರಬೇಕಾಗುತ್ತದೆ, ಯಾರೂ ಸಿಗುವುದಿಲ್ಲ. ಕೊನೆಯ ಸಾಲು ಅಂಕದ ಪ್ರಕಾರ ಜೋಡಿಸುತ್ತದೆ. ಇದನ್ನು ಮರೆತರೆ ಟಿಪ್ಪಣಿಗಳು ಬರುತ್ತವೆ, ಆದರೆ ಪ್ರಸ್ತುತತೆಯ ಕ್ರಮದಲ್ಲಿ ಅಲ್ಲ.

ಷರತ್ತಿನ ಭಾಗ ಸರಿಯಿದೆಯೇ ಎಂದು ಎಣಿಸಿ ತಾಳೆ ನೋಡಬಹುದು. ಅಂಕದ ಭಾಗಕ್ಕೆ ಹಾಗೆ ಒಂದೇ ಸರಿಯುತ್ತರ ಇಲ್ಲದ್ದರಿಂದ ಪರೀಕ್ಷೆ ಬೇರೆ ರೀತಿಯದು. ರೈತರು ನಿಜವಾಗಿ ಕೇಳಿದ ಇಪ್ಪತ್ತು ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಯಾವ ಟಿಪ್ಪಣಿ ಬರಬೇಕು ಎಂದು ಹಳೆಯ ಗುಮಾಸ್ತರನ್ನೋ ಕ್ಷೇತ್ರ ಸಿಬ್ಬಂದಿಯನ್ನೋ ಕೇಳಿ ಗುರುತು ಹಾಕಿ. ಆಮೇಲೆ ಹುಡುಕಿ, ಆ ಟಿಪ್ಪಣಿ ಮೊದಲ ಐದರೊಳಗೆ ಎಷ್ಟು ಸಲ ಬಂತು ಎಂದು ಎಣಿಸಿ. ಬಾರದೇ ಹೋದ ಪ್ರಶ್ನೆಗಳಲ್ಲಿ ಪ್ರತ್ಯಯ ಅಡ್ಡ ಬಂದಿದೆಯೋ, ಸಂಧಿಯೋ, ‘ಮುರುಟು’ವಿನಂಥ ಇನ್ನೊಂದು ಪದವೋ ಎಂದು ನೋಡಿ ತಿದ್ದಿ, ಅದೇ ಇಪ್ಪತ್ತನ್ನು ಮತ್ತೆ ಓಡಿಸಿ.